ಮಾರುವವರ ಮೇಲೆ ತೆರಿಗೆ: ಬೆಲೆ ಏರಿಸೋದಾ, ತಾನೇ ಹೊರೋದಾ?

ಮಲ್ಲೇಶ್ವರದಲ್ಲಿ ಅಂಗಡಿ ಇಟ್ಟಿರುವ ಗೆಳೆಯರೊಬ್ಬರು ಕೇಳಿದರು: ಮಾರುವ ಒಂದೊಂದಕ್ಕೂ ಮಾರುವವರೆಲ್ಲರ ಮೇಲೆ 6 ರೂಪಾಯಿ ತೆರಿಗೆ ಬಿದ್ದರೆ ಬೆಲೆ ಏರಿಸಲೋ, ನಾನೇ ಹೊರಲೋ? ಕಾನೂನಿನ ಪ್ರಕಾರ ಕಟ್ಟುವವರು ಅವರೇ. ಆದರೆ ಭಾರ ಯಾರ ಮೇಲೆ ಅನ್ನೋದನ್ನ ತೀರ್ಮಾನಿಸೋದು ಯಾರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ ಅನ್ನೋದು.

ಉಪ್ಪಾದರೆ ಏರಿಸಬಹುದು. ಬೆಲೆ ಜಾಸ್ತಿಯಾಯಿತೆಂದು ಯಾರೂ ಸಾರಿಗೆ ಉಪ್ಪು ಕಡಿಮೆ ಹಾಕುವುದಿಲ್ಲ. ಮಾರುವವರಿಗೋ, ಉಳಿದದ್ದು ನಾಳೆಗೂ ಕೆಡುವುದಿಲ್ಲ. ಹಾಗಾಗಿ ಹೆಚ್ಚುಕಮ್ಮಿ ಪೂರ್ತಿ 6 ರೂಪಾಯಿ ಗಿರಾಕಿಯದೇ.

ಸಂಜೆಯ ಮಲ್ಲಿಗೆಯ ಕಥೆ ಬೇರೆ. ಒಂದು ಮಾತಿಗೆ, ಮೊಳಕ್ಕೆ 40 ರೂಪಾಯಿ ಇತ್ತು ಅನ್ನಿ. 46 ಅಂದರೆ ಗಿರಾಕಿ ಮುಂದೆ ಹೋಗುತ್ತಾರೆ, ಹೂ ರಾತ್ರಿಗೆ ಬಾಡುತ್ತದೆ. ಬೆಲೆ 42ಕ್ಕೆ ನಿಂತರೆ, ತೆರಿಗೆ ಕಳೆದು ಕೈಗೆ ಬರೋದು 36. ಗಿರಾಕಿ ಹೊತ್ತಿದ್ದು 2, ಮಾರುವವರು ಹೊತ್ತಿದ್ದು 4. ಇಲ್ಲಿ ಹೆಚ್ಚಿನ ಪಾಲು ತಾನೇ ಹೊರೋದು ಲೇಸು. ಅದೇ 6 ರೂಪಾಯಿಯನ್ನು ಗಿರಾಕಿಯೇ ಸರ್ಕಾರಕ್ಕೆ ಕಟ್ಟಲಿ ಅಂದರೂ ಅಂಗಡಿ ಬೆಲೆ 36ಕ್ಕೆ ಇಳಿಯುತ್ತದೆ, ಪಾಲು ಬದಲಾಗಲ್ಲ.

ಆದರೆ ವರ್ಷಗಟ್ಟಲೆ 36ರಲ್ಲಿ ಗಿಟ್ಟದಿದ್ದರೆ ಬೆಳೆಗಾರರು ಮಲ್ಲಿಗೆ ಕಿತ್ತು ಬೇರೆ ಬೆಳೆ ಹಾಕುತ್ತಾರೆ. ಆಗ ಹೂ ಕಡಿಮೆಯಾಗಿ ಬೆಲೆ ಏರುತ್ತದೆ, ಭಾರ ನಿಧಾನಕ್ಕೆ ಗಿರಾಕಿಯ ಕಡೆ ಸರಿಯುತ್ತದೆ.