ಒಂದು ಮಗುವಿನ ವರ್ಷದ ಖರ್ಚು: ಮೂರು ಬಗೆಯಲ್ಲಿ ಹಂಚಿ ನೋಡಿದ್ದು

ನಾನು ಲೆಕ್ಕ ನೋಡಿಕೊಳ್ಳುವ ಖಾಸಗಿ ಶಾಲೆಯಲ್ಲಿ ಒಂದೇ ವರ್ಷದ ಖರ್ಚನ್ನು ಮೂರು ರೀತಿಯಲ್ಲಿ ಹಂಚಿ ನೋಡಿದೆ. ಮೂರರಲ್ಲೂ ಒಟ್ಟು ಮೊತ್ತ ಒಂದೇ, ಆದರೆ ಮಗುವೊಂದಕ್ಕೆ ಬಂದ ಖರ್ಚು ಮಾತ್ರ ಬೇರೆ ಬೇರೆ. ಹೋಲಿಸಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ವರ್ಷದ ಖರ್ಚು 9,000 ಪಾಲು ಎಂದಿಟ್ಟುಕೊಳ್ಳಿ. ಕೆಳಗಿನ ಐದು ತರಗತಿಗಳಲ್ಲಿ ತಲಾ 40ರಂತೆ 200 ಮಕ್ಕಳಿದ್ದಾರೆ. ಮೇಲಿನ ಐದು ತರಗತಿಗಳಲ್ಲಿ ಒಟ್ಟು 100 ಮಕ್ಕಳು.

ಮೊದಲನೆಯದು ಎಲ್ಲರೂ ಮಾಡುವ ಲೆಕ್ಕ: ಒಟ್ಟು ಖರ್ಚನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸುವುದು. ತಲೆಗೆ 30 ಪಾಲು. ಐದು ನಿಮಿಷದ ಕೆಲಸ. ಇದನ್ನು ನಂಬಿ ನಾವು ಒಮ್ಮೆ ಪೆಟ್ಟು ತಿಂದೆವು. ಮೇಲಿನ ತರಗತಿಯೊಂದಕ್ಕೆ 20 ಮಕ್ಕಳ ಹೊಸ ಸೆಕ್ಷನ್ ತೆರೆದರೆ 600 ಪಾಲು ಶುಲ್ಕ ಬರುತ್ತದೆ, ಖರ್ಚೂ ಅಷ್ಟೇ ಇರುತ್ತದೆ ಎಂದುಕೊಂಡಿದ್ದೆವು. ಕೋಣೆ ಖಾಲಿ ಇತ್ತು, ಲ್ಯಾಬೂ ಇತ್ತು. ಆದರೂ ಪೀರಿಯಡ್ ತುಂಬಿಸಲು ಬೇಕಾದ ಶಿಕ್ಷಕರಿಗೆ ಮತ್ತು ಆಟ, ಸಂಗೀತದ ಗಂಟೆಗಳಿಗೇ 648 ಪಾಲು ಹೋಯಿತು.

ಎರಡನೆಯದರಲ್ಲಿ ಖರ್ಚನ್ನು ಮೊದಲು ಹತ್ತು ತರಗತಿಗಳಿಗೆ ಸಮನಾಗಿ ಹಂಚಿ, ಆಮೇಲೆ ಆಯಾ ತರಗತಿಯ ಮಕ್ಕಳಿಂದ ಭಾಗಿಸಿದೆ. ತರಗತಿಗೆ 900 ಬಂತು. ಕೆಳಗಿನ ಮಗುವಿಗೆ 22.5, ಮೇಲಿನ ಮಗುವಿಗೆ ಸರಾಸರಿ 45. ಇದು ಹೆಚ್ಚು ನಿಜ, ಏಕೆಂದರೆ ಶಾಲೆಯ ಖರ್ಚು ಹುಟ್ಟುವುದು ಮಗುವಿನಿಂದಲ್ಲ, ತರಗತಿಯಿಂದ. ಕೋಣೆಯಲ್ಲಿ 15 ಮಕ್ಕಳಿದ್ದರೂ 40 ಮಕ್ಕಳಿದ್ದರೂ ಗಣಿತದ ಪೀರಿಯಡ್‌ಗೆ ಒಬ್ಬರೇ ಶಿಕ್ಷಕರು.

ಮೂರನೆಯದಕ್ಕೆ ಸಮಯ ಹಿಡಿಯಿತು, ಆದರೆ ನನಗೆ ಕಲಿಸಿದ್ದು ಇದೇ. ಪ್ರತಿ ಖರ್ಚನ್ನೂ ಅದು ಬಳಕೆಯಾದ ಜಾಡು ಹಿಡಿದು ಹಂಚಿದೆ. ಪಾಠ ಮಾಡುವವರ ಸಂಬಳ 4,800. ಇದಕ್ಕೆ ಟೈಮ್ ಟೇಬಲ್ಲೇ ದಾಖಲೆ. ಕೆಳಗಿನ ತರಗತಿಗಳಿಗೆ ವಾರಕ್ಕೆ 180 ಪೀರಿಯಡ್, ಮೇಲಿನವಕ್ಕೆ 220. ಲ್ಯಾಬ್‌ನಲ್ಲಿ ಒಂದೇ ತರಗತಿಯನ್ನು ಎರಡು ಗುಂಪು ಮಾಡುವುದರಿಂದ ಅಲ್ಲಿ ಹೆಚ್ಚು. ಪೀರಿಯಡ್‌ಗೆ 12ರಂತೆ 2,160 ಮತ್ತು 2,640 ಆಯಿತು. ಕಟ್ಟಡದ 1,800 ಪಾಲನ್ನು ಜಾಗದ ಅಳತೆಯಿಂದ ಹಂಚಿದೆ. ಎಲ್ಲರೂ ಬಳಸುವ ಗ್ರಂಥಾಲಯ, ಸಭಾಂಗಣಗಳ ಪಾಲನ್ನು ಮಾತ್ರ ತಲೆ ಲೆಕ್ಕದಲ್ಲಿ ಹಾಕಿದೆ. ಲ್ಯಾಬ್ ಪೂರ್ತಿ ಮೇಲಿನವರ ಮೇಲೆ ಬಿದ್ದು, ಎರಡೂ ಕಡೆಗೆ ತಲಾ 900 ಬಂತು. ಕಚೇರಿಯ 1,200 ತಲೆಗೆ 4ರಂತೆ. ಚಟುವಟಿಕೆಗಳ 1,200ರಲ್ಲಿ ವಾರ್ಷಿಕೋತ್ಸವಕ್ಕೆ ತಲೆಗೆ 1, ಉಳಿದದ್ದು ತರಬೇತಿಯ ಗಂಟೆಗಳ ಪ್ರಕಾರ. ಶಾಲೆ ಬಿಟ್ಟ ಮೇಲೆ ತಂಡಗಳ ಅಭ್ಯಾಸಕ್ಕೆ ಉಳಿಯುವವರು ಮೇಲಿನ ಮಕ್ಕಳೇ ಆದ್ದರಿಂದ ಅವರ ಕಡೆಗೆ 700, ಕೆಳಗೆ 500.

ಕೂಡಿದರೆ ಕೆಳಗಿನ ಮಗುವಿಗೆ 21.8, ಮೇಲಿನದಕ್ಕೆ 46.4. ಎರಡನೆಯ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದು ಕಂಡು, ಇಷ್ಟೆಲ್ಲ ಶ್ರಮ ಬೇಕಿತ್ತೇ ಅನ್ನಿಸಿತು. ಬೇಕಿತ್ತು. ಮೇಲಿನ ಒಂದು ತರಗತಿಗೆ ಎಷ್ಟೇ ಮಕ್ಕಳಿರಲಿ 788 ಪಾಲು ತಗಲುತ್ತದೆ, ಅದರ ಮೇಲೆ ತಲೆಗೆ 7 ಮಾತ್ರ ಎಂದು ತೋರಿಸಿದ್ದು ಈ ಲೆಕ್ಕವೇ. 28 ಮಕ್ಕಳಿರುವ ತರಗತಿಯಲ್ಲಿ ಮಗುವಿಗೆ ಸುಮಾರು 35. 12 ಮಕ್ಕಳಿರುವಲ್ಲಿ ಸುಮಾರು 73. ಮೊದಲನೆಯ ಲೆಕ್ಕ ಈ ಇಬ್ಬರನ್ನೂ 30 ಎಂದೇ ಬರೆದಿತ್ತು.

ಮೂರನೆಯ ವಿಧಾನದಲ್ಲಿ ನಾನು ಎಡವಿದ ಜಾಗಗಳೂ ಇವೆ. ಖಾಲಿ ಕೋಣೆಯ ಖರ್ಚನ್ನು ಮೊದಲು ಇರುವ ಮಕ್ಕಳ ಮೇಲೆಯೇ ಹಂಚಿಬಿಟ್ಟಿದ್ದೆ. ದಾಖಲಾತಿ ಕಡಿಮೆಯಾದ ವರ್ಷ ಅದರಿಂದ ತಲಾ ಖರ್ಚು ಏರಿತು. ಕಲಿಸುವುದೇ ದುಬಾರಿಯಾಯಿತೇನೋ ಎಂಬ ತಪ್ಪು ಚಿತ್ರ ಬಂತು. ಈಗ ಖಾಲಿ ಜಾಗಕ್ಕೆ ಬೇರೆ ಸಾಲು ಬರೆಯುತ್ತೇನೆ. ಮಕ್ಕಳ ಸಂಖ್ಯೆಯನ್ನು ವರ್ಷದ ಆರಂಭದ ದಿನದ್ದು ಹಿಡಿದದ್ದೂ ತಪ್ಪು. ನಡುವೆ ಬಿಟ್ಟವರು, ಸೇರಿದವರು ಇರುತ್ತಾರೆ. ಹಾಜರಿ ಪುಸ್ತಕದ ತಿಂಗಳುವಾರು ಸರಾಸರಿಯೇ ಸರಿ. ಇನ್ನೊಂದು ಕೊರತೆ ಹಾಗೇ ಉಳಿದಿದೆ: ಪೀರಿಯಡ್ ದರ ಎಲ್ಲ ಶಿಕ್ಷಕರಿಗೂ ಒಂದೇ. ಮೇಲಿನ ತರಗತಿಗಳ ವಿಷಯ ಶಿಕ್ಷಕರ ಸಂಬಳ ಹೆಚ್ಚಿದ್ದರೆ, 46.4 ಇನ್ನೂ ಕಡಿಮೆ ತೋರಿಸಿದ ಅಂಕಿ.

ಈಗ ತಿಂಗಳ ನೋಟಕ್ಕೆ ಎರಡನೆಯದನ್ನೇ ಬಳಸುತ್ತೇನೆ. ಟೈಮ್ ಟೇಬಲ್ ಬದಲಾದಾಗ ಮತ್ತು ಹೊಸ ಸೆಕ್ಷನ್ ವಿಷಯ ಬಂದಾಗ ಮೂರನೆಯದನ್ನು ಮತ್ತೆ ಕೂರಿಸುತ್ತೇನೆ. 12 ಮಕ್ಕಳ ಆ ತರಗತಿಗೆ ಇನ್ನೂ 10 ಮಕ್ಕಳು ಸೇರಿದರೆ ತಲಾ ಖರ್ಚು 73ರಿಂದ 43ರ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಹೊಸ ಸೆಕ್ಷನ್ ಮಾತು ಬದಿಗಿಟ್ಟು, ಈ ಸಲದ ದಾಖಲಾತಿಯಲ್ಲಿ ಮೊದಲು ಆ ಬೆಂಚುಗಳನ್ನು ತುಂಬಿಸುತ್ತಿದ್ದೇವೆ.