ಸ್ಯಾಮ್‌ಸಂಗ್, ಎಲ್‌ಜಿ, ಗೂಗಲ್ ಟಿವಿ: ಮಗ ಗಲ್ಫಿನಲ್ಲಿರುವ ಮನೆಗೆ ಯಾವ ಖಾತೆ ಸರಿ

ಕುಂದಾಪುರ, ಬ್ರಹ್ಮಾವರ, ಕಾಪು, ಸುರತ್ಕಲ್ ಕಡೆ ಎಷ್ಟೋ ಮನೆಗಳಿಗೆ ಹೊಸ ಟಿವಿ ಬರುವುದು ಮಗ ರಜೆಯಲ್ಲಿ ಊರಿಗೆ ಬಂದಾಗ. ಗೋಡೆಗೆ ಟಿವಿ ಹಾಕಿಸಿ, ತನ್ನ ಫೋನ್ ಹಿಡಿದು, ತನ್ನ ಇಮೇಲ್, ತನ್ನ ನಂಬರ್ ಕೊಟ್ಟು ಅರ್ಧ ಗಂಟೆಯಲ್ಲಿ ಎಲ್ಲ ಸರಿಮಾಡಿ ಕೊಡುತ್ತಾನೆ. ರಜೆ ಮುಗಿದು ಅವನು ವಿಮಾನ ಹತ್ತಿದ ಮೇಲೆ ಖಾತೆಯೂ ಅವನ ಜೊತೆಗೇ ಹೋದಂತೆ. ಮುಂದೊಂದು ದಿನ ಟಿವಿ ಪಾಸ್‌ವರ್ಡ್ ಕೇಳಿದರೆ ಒಟಿಪಿ ಹೋಗುವುದು ದುಬೈಗೆ. ಅವನು ಡ್ಯೂಟಿಯಲ್ಲಿರುತ್ತಾನೆ, ಇಲ್ಲಿ ಅಮ್ಮ ರಿಮೋಟ್ ಹಿಡಿದುಕೊಂಡು ಫೋನಿನಲ್ಲಿ "ಮಗಾ, ನಂಬ್ರ ಬಂತಾ?" ಎಂದು ಕೇಳುತ್ತಿರುವಾಗಲೇ ಅದರ ಅವಧಿ ಮುಗಿದಿರುತ್ತದೆ.

ಚಿತ್ರದ ಗುಣಮಟ್ಟ, ಸದ್ದು, ಅಳತೆ ಅಂಗಡಿಯಲ್ಲೇ ಕಾಣುತ್ತವೆ, ಅವುಗಳ ಮಾತು ಇಲ್ಲಿಲ್ಲ. ಇಲ್ಲಿ ಹೋಲಿಸಿರುವುದು ಖಾತೆಗಳನ್ನು ಮಾತ್ರ: ಖಾತೆ ಮಾಡಿದರೆ ಏನು ತೆರೆದುಕೊಳ್ಳುತ್ತದೆ, ಮಾಡದಿದ್ದರೆ ಏನು ನಿಲ್ಲುತ್ತದೆ, ಮಾಡಿದವನು ಊರಲ್ಲಿಲ್ಲದಾಗ ಯಾವುದು ಕೈಕೊಡುತ್ತದೆ. ನನ್ನ ಆಯ್ಕೆ ಗೂಗಲ್ ಟಿವಿ, ಅಂದರೆ ಸೋನಿ, ಟಿಸಿಎಲ್ ಮುಂತಾದ ಕಂಪನಿಗಳ ಟಿವಿಗಳಲ್ಲಿ ಬರುವ ವ್ಯವಸ್ಥೆ. ಆದರೆ ಮಗನ ಖಾತೆಯಿಂದಲ್ಲ, ಮನೆಗೆಂದೇ ಮಾಡಿದ ಹೊಸ ಜಿಮೇಲ್ ಖಾತೆಯಿಂದ. ಈ ಷರತ್ತು ಬಿಟ್ಟರೆ ಮೂರರಲ್ಲಿ ಹೆಚ್ಚು ತಲೆನೋವು ಕೊಡುವುದೂ ಗೂಗಲ್ ಟಿವಿಯೇ.

ಸ್ಯಾಮ್‌ಸಂಗ್ ಟಿವಿಯಲ್ಲಿ ಹೊಸ ಆ್ಯಪ್ ಹಾಕಿಕೊಳ್ಳಲು ಸ್ಯಾಮ್‌ಸಂಗ್ ಖಾತೆ ಬೇಕು. ಫೋನನ್ನು ರಿಮೋಟ್ ಮಾಡಿಕೊಳ್ಳುವ ಆ್ಯಪ್ ಸ್ಮಾರ್ಟ್‌ಥಿಂಗ್ಸ್, ಅದಕ್ಕೂ ಅದೇ ಖಾತೆ. ಮನೆಯಲ್ಲಿ ಗ್ಯಾಲಕ್ಸಿ ಫೋನ್ ಇದ್ದರೆ ಅದರಲ್ಲಿ ಖಾತೆ ಸಾಮಾನ್ಯವಾಗಿ ಇರುತ್ತದೆ, ಟಿವಿ ತೋರಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕೆಲಸ ಮುಗಿಯಿತು. ಎರಡು ಹಂತದ ದೃಢೀಕರಣಕ್ಕೆ ಕೊಟ್ಟ ಮೊಬೈಲ್ ನಂಬರ್ ಮಾತ್ರ ಊರಿನದ್ದೇ ಆಗಿರಬೇಕು. ಗಲ್ಫಿನ ಸಿಮ್ ಕೊಟ್ಟು, ಆಮೇಲೆ ಕೆಲಸ ಬಿಟ್ಟು ಆ ಸಿಮ್ ರದ್ದಾದರೆ, ಬರಬೇಕಾದ ಕೋಡ್ ಸತ್ತ ನಂಬರಿಗೆ ಹೋಗುತ್ತಿರುತ್ತದೆ.

ಎಲ್‌ಜಿಯಲ್ಲಿ ಮೊದಲೇ ಹಾಕಿ ಬಂದ ಯೂಟ್ಯೂಬ್‌ನಂಥ ಆ್ಯಪ್‌ಗಳು ಎಲ್‌ಜಿ ಖಾತೆಯಿಲ್ಲದೆ ನಡೆಯುತ್ತವೆ. ಟಿವಿಯೊಳಗಿನ ಆ್ಯಪ್ ಅಂಗಡಿಯಿಂದ ಹೊಸತು ಇಳಿಸಿಕೊಳ್ಳುವಾಗ ಖಾತೆ ಕೇಳುತ್ತದೆ. ರಿಮೋಟ್ ಆ್ಯಪ್ ಥಿಂಕ್ಯೂ, ಅದಕ್ಕೂ ಲಾಗಿನ್ ಬೇಕು. ಯಾವ ದೇಶದ ಆ್ಯಪ್‌ಗಳು ಕಾಣಬೇಕು ಎನ್ನುವುದು ಎಲ್‌ಜಿಯಲ್ಲಿ ಟಿವಿಯ ಸೆಟ್ಟಿಂಗ್‌ನಲ್ಲೇ `LG Services Country` ಎಂಬ ಹೆಸರಿನಲ್ಲಿದೆ. ಅದನ್ನು ಭಾರತ ಮಾಡಿದರೆ ಟಿವಿ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ, ಷರತ್ತುಗಳನ್ನು ಮತ್ತೊಮ್ಮೆ ಒಪ್ಪಬೇಕಾಗುತ್ತದೆ, ಅಷ್ಟೆ. ಇದೊಂದು ವಿಷಯದಲ್ಲಿ ಎಲ್‌ಜಿ ಗೂಗಲ್‌ಗಿಂತ ಎಷ್ಟೋ ಮೇಲು.

ಏಕೆಂದರೆ ಗೂಗಲ್ ಟಿವಿಯಲ್ಲಿ ದೇಶ ಇರುವುದು ಖಾತೆಯೊಳಗೆ. ನಮ್ಮ ಕಡೆಯ ಮನೆಗಳಲ್ಲಿ ಎಲ್ಲರೂ ಎಡವುವ ಜಾಗ ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಕೋಟೇಶ್ವರದ ಕಡೆಯ ಒಂದು ಮನೆ ಅಂದುಕೊಳ್ಳಿ. ಮಗ ಎಂಟು ವರ್ಷದಿಂದ ದುಬೈಯಲ್ಲಿದ್ದಾನೆ. ಅವನ ಗೂಗಲ್ ಖಾತೆಯ ಪ್ಲೇ ಸ್ಟೋರ್ ದೇಶ ಯುಎಇ, ಅದಕ್ಕೆ ಜೋಡಿಸಿರುವ ಕಾರ್ಡ್ ಅಲ್ಲಿನ ಬ್ಯಾಂಕಿನದು. ರಜೆಯಲ್ಲಿ ಬಂದು ಅದೇ ಖಾತೆಯಿಂದ ಟಿವಿ ಶುರುಮಾಡಿಕೊಟ್ಟ. ಮೊದಲೇ ಹಾಕಿ ಬಂದ ಆ್ಯಪ್‌ಗಳೆಲ್ಲ ನಡೆಯುತ್ತವೆ, ಆದ್ದರಿಂದ ಅವನಿರುವಷ್ಟು ದಿನ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವನು ಹೋದ ಮೇಲೆ ಅಪ್ಪ ಭಾರತಕ್ಕೆ ಮಾತ್ರ ಬಿಟ್ಟಿರುವ ಒಂದು ಆ್ಯಪ್ ಹುಡುಕುತ್ತಾರೆ. ಅದು ಪಟ್ಟಿಯಲ್ಲೇ ಬರುವುದಿಲ್ಲ, ಅಥವಾ ಈ ಸಾಲು ಬರುತ್ತದೆ:

```
This item isn't available in your country.
```

ಟಿವಿ ಇರುವುದು ಕೋಟೇಶ್ವರದಲ್ಲಿ, ಇಂಟರ್ನೆಟ್ ಇಲ್ಲಿನದು, ಬಿಲ್ ಉಡುಪಿಯ ಅಂಗಡಿಯದು. ಆದರೂ ಪ್ಲೇ ಸ್ಟೋರ್ ನೋಡುವುದು ಖಾತೆಯ ದೇಶವನ್ನು. ಹೆಚ್ಚಿನವರು ಇದನ್ನು ಟಿವಿಯ ದೋಷ ಎಂದುಕೊಂಡು ಸರ್ವಿಸ್‌ಗೆ ಫೋನ್ ಮಾಡುತ್ತಾರೆ, ಬಂದವರು ರಿಸೆಟ್ ಮಾಡಿ ಅದೇ ಖಾತೆ ಹಾಕಿ ಹೋಗುತ್ತಾರೆ, ಮತ್ತೆ ಅದೇ ಸಾಲು. ದೋಷ ಖಾತೆಯದ್ದೇ ಹೌದೋ ಎಂದು ತಿಳಿಯಲು ಆ ಖಾತೆ ಇರುವ ಫೋನಿನ ಪ್ಲೇ ಸ್ಟೋರ್‌ನಲ್ಲಿ, ಮೇಲಿನ ಮೂಲೆಯ ಚಿತ್ರ ಒತ್ತಿ ಇಲ್ಲಿಗೆ ಹೋಗಬೇಕು:

```
Settings > General > Account and device preferences > Country and profiles
```

ಅಲ್ಲಿ ಯುಎಇ ಎಂದಿದ್ದರೆ ಕಾರಣ ಸಿಕ್ಕಿತು. ಅಲ್ಲಿಂದಲೇ ಭಾರತಕ್ಕೆ ಬದಲಿಸೋಣವೆಂದರೆ ಮೂರು ಅಡ್ಡಿಗಳಿವೆ. ಬದಲಿಸುವಾಗ ಖಾತೆದಾರ ಹೊಸ ದೇಶದಲ್ಲೇ ಇರಬೇಕು, ಆ ದೇಶದ ಕಾರ್ಡ್ ಅಥವಾ ಬೇರೆ ಪಾವತಿ ವಿಧಾನ ಸೇರಿಸಬೇಕು, ಒಮ್ಮೆ ಬದಲಿಸಿದರೆ ಒಂದು ವರ್ಷ ಮತ್ತೆ ಬದಲಿಸಲಾಗದು. ಬದಲಾದದ್ದು ಜಾರಿಗೆ ಬರಲು 48 ಗಂಟೆಯವರೆಗೂ ಹಿಡಿಯಬಹುದು. ಮಗ ರಜೆಯಲ್ಲೇ ಇದನ್ನು ಮಾಡಿ ಹೋದನೆಂದರೂ, ದುಬೈಗೆ ಮರಳಿದ ಮೇಲೆ ಅಲ್ಲಿನ ಬ್ಯಾಂಕಿನ ಆ್ಯಪ್‌ಗೆ ಅವನ ಫೋನಿನಲ್ಲಿ ಇದೇ ತೊಂದರೆ ಶುರುವಾಗಬಹುದು. ಆದ್ದರಿಂದ ಅವನ ಖಾತೆಯ ದೇಶವನ್ನು ಮುಟ್ಟಲೇಬಾರದು.

ಪರಿಹಾರ ಮನೆಗೆ ಬೇರೆ ಖಾತೆ. ಅದನ್ನು ಟಿವಿಯಲ್ಲಿ ರಿಮೋಟಿನಿಂದ ಒಂದೊಂದೇ ಅಕ್ಷರ ಒತ್ತಿ ಮಾಡುವ ಕಷ್ಟ ಬೇಡ, ಅಮ್ಮನ ಫೋನಿನಲ್ಲಿ ಮಾಡಿ. ನಂಬರ್ ಅಮ್ಮನದು, ಮರುಪ್ರಾಪ್ತಿಯ ಇಮೇಲ್ ಮಗನದು. ಹೀಗೆ ಮಾಡಿದರೆ ದಿನನಿತ್ಯದ ಕೋಡ್ ಇಲ್ಲಿಗೇ ಬರುತ್ತದೆ, ಪಾಸ್‌ವರ್ಡ್ ಮರೆತರೆ ಬಿಡಿಸಲು ಮಗನಿಂದಲೂ ಆಗುತ್ತದೆ. ಹುಟ್ಟಿದ ದಿನಾಂಕ ನಿಜವಾದದ್ದೇ ಕೊಡಿ. ಬೇಗ ಮುಗಿಸುವ ಆತುರದಲ್ಲಿ ಇತ್ತೀಚಿನ ಯಾವುದೋ ವರ್ಷ ಒತ್ತಿದರೆ ಗೂಗಲ್ ಅದನ್ನು ಮಗುವಿನ ಖಾತೆ ಎಂದು ಎಣಿಸಿ ಪೋಷಕರ ಒಪ್ಪಿಗೆ ಕೇಳತೊಡಗುತ್ತದೆ. ಕೆಲವೊಮ್ಮೆ `This phone number cannot be used for verification` ಎಂದು ಬರುತ್ತದೆ. ಅದೇ ನಂಬರಿನಿಂದ ಈ ಹಿಂದೆ ಹಲವು ಖಾತೆ ಮಾಡಿದ್ದರೆ ಹಾಗಾಗುತ್ತದೆ, ಅಪ್ಪನ ನಂಬರ್ ಕೊಟ್ಟು ನೋಡಬೇಕು. ಕಾರ್ಡ್ ವಿವರ ಕೇಳಿದಾಗ ಬಿಟ್ಟು ಮುಂದೆ ಹೋಗಬಹುದು, ಉಚಿತ ಆ್ಯಪ್‌ಗಳಿಗೆ ಅದರ ಅಗತ್ಯವಿಲ್ಲ. ಮೊಮ್ಮಕ್ಕಳು ಏನಾದರೂ ಕೊಂಡುಬಿಡುವ ಭಯವೂ ತಪ್ಪುತ್ತದೆ.

ಆಮೇಲೆ ಟಿವಿಯಲ್ಲಿ `Settings > Accounts & Sign-in > Add account` ಒತ್ತಿ ಹೊಸ ಖಾತೆ ಸೇರಿಸಿ. ಸೇರಿಸಿದರೆ ಸಾಲದು, ಮುಖಪುಟದ ಮೇಲಿರುವ ಚಿತ್ರ ಒತ್ತಿ ಹೊಸ ಖಾತೆಗೆ ಬದಲಾಗಬೇಕು. ಇಲ್ಲದಿದ್ದರೆ ಹುಡುಕಾಟ ಹಳೆಯ ಖಾತೆಯಲ್ಲೇ ನಡೆಯುತ್ತಿರುತ್ತದೆ. ಮಗನ ಖಾತೆಯನ್ನು ತೆಗೆಯಲು ಆತುರ ಬೇಡ, ಎರಡು ವಾರ ಎಲ್ಲ ಸರಿಯಾಗಿ ನಡೆಯಲಿ. ಟಿವಿ ಹೊಸದಾಗಿಯೇ ಶುರುಮಾಡುತ್ತಿದ್ದರೆ ಮೊದಲ ಖಾತೆಯೇ ಮನೆಯದ್ದಾಗಲಿ. ಖಾತೆಯೇ ಬೇಡವೆಂದು `Basic TV` ಆರಿಸಿದರೆ ಅದು ಡಿಶ್ ಮತ್ತು ಪೆನ್‌ಡ್ರೈವ್‌ಗೆ ಸಾಕಾಗುವ ಟಿವಿಯಾಗುತ್ತದೆ, ಆ್ಯಪ್ ಇರುವುದಿಲ್ಲ.

ಮನೆಗೆ ಬೀಗ ಹಾಕಿ ಅಪ್ಪ ಅಮ್ಮ ಮಗನಲ್ಲಿಗೆ ಹೋಗುವುದಿದ್ದರೆ ಒಂದು ಮಾತು: 2 ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಅಮ್ಮನ ಫೋನಿನಲ್ಲೂ ಆ ಖಾತೆ ಇಟ್ಟು ಬಳಸುತ್ತಿದ್ದರೆ ಆ ಭಯವಿಲ್ಲ.

ವಾರಂಟಿಯ ವಿಷಯದಲ್ಲಿ ಮೂರೂ ಒಂದೇ, ಮತ್ತು ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಟಿವಿಯಲ್ಲಿ ಲಾಗಿನ್ ಆದದ್ದಕ್ಕೂ ವಾರಂಟಿಗೂ ಸಂಬಂಧವಿಲ್ಲ. ವಾರಂಟಿ ಎಣಿಕೆಯಾಗುವುದು ಬಿಲ್ಲಿನ ತಾರೀಕಿನಿಂದ, ಕೇಳುವುದು ಮಾಡೆಲ್ ನಂಬರ್, ಸೀರಿಯಲ್ ನಂಬರ್ ಮತ್ತು ಜಿಎಸ್‌ಟಿ ಬಿಲ್. ಸೋನಿ ಟಿವಿಯಲ್ಲಿ ಗೂಗಲ್ ಖಾತೆ ಹಾಕಿದರೆ ಸೋನಿಯಲ್ಲಿ ಟಿವಿ ನೋಂದಣಿಯಾದಂತಲ್ಲ, ಅದು ಬೇರೆಯೇ ಕೆಲಸ. ಟಿವಿಯನ್ನು ಗೋಡೆಗೆ ಹಾಕುವ ಮುಂಚೆ ಹಿಂಬದಿಯ ಸ್ಟಿಕ್ಕರ್ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ ಥರ್ಮಲ್ ಕಾಗದದ್ದಾಗಿದ್ದರೆ ನಮ್ಮ ಸೆಕೆಗೆ ಅಕ್ಷರ ಮಾಸುತ್ತದೆ, ಅದರ ಫೋಟೋವೂ ಇರಲಿ. ಸಿಡಿಲಿನಿಂದ ಸುಟ್ಟದ್ದು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ.

ರಿಮೋಟ್ ಆ್ಯಪ್‌ನಲ್ಲಿ ಗೂಗಲ್ ಮುಂದೆ. ಫೋನಿನ ಗೂಗಲ್ ಟಿವಿ ಆ್ಯಪ್ ತೆರೆದು ರಿಮೋಟ್ ಒತ್ತಿದರೆ ಟಿವಿ ಪರದೆಯ ಮೇಲೆ ಒಂದು ಕೋಡ್ ಬರುತ್ತದೆ, ಅದನ್ನು ಫೋನಿನಲ್ಲಿ ಒತ್ತಿದರೆ ಜೋಡಣೆ ಮುಗಿಯಿತು. ಟಿವಿಯಲ್ಲಿರುವ ಖಾತೆಯೇ ಫೋನಿನಲ್ಲೂ ಇರಬೇಕೆಂದಿಲ್ಲ, ಮನೆಗೆ ಬಂದ ತಂಗಿಯ ಫೋನೂ ನಡೆಯುತ್ತದೆ. ಸ್ಮಾರ್ಟ್‌ಥಿಂಗ್ಸ್, ಥಿಂಕ್ಯೂ ಎರಡಕ್ಕೂ ಮೊದಲು ಲಾಗಿನ್ ಆಗಬೇಕು. ಹಾಗಾಗಿ ಆ ಟಿವಿಗಳಲ್ಲಿ ರಿಮೋಟ್ ಕೈಯಲ್ಲಿರುವಾಗಲೇ ಫೋನ್ ಜೋಡಿಸಿಟ್ಟುಕೊಳ್ಳಿ.

ಮೂರಕ್ಕೂ ಫೋನ್ ಮತ್ತು ಟಿವಿ ಒಂದೇ ನೆಟ್‌ವರ್ಕ್‌ನಲ್ಲಿರಬೇಕು. ನಮ್ಮ ಮುರಕಲ್ಲಿನ ದಪ್ಪ ಗೋಡೆ ದಾಟಿ ವೈಫೈ ಒಳಕೋಣೆಗೆ ಬಾರದೆಂದು ಎಷ್ಟೋ ಮನೆಗಳಲ್ಲಿ ಎರಡನೇ ರೂಟರ್ ಹಾಕಿಸಿರುತ್ತಾರೆ. ಅದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿದ್ದರೆ, ಚಾವಡಿಯ ಟಿವಿ ಒಂದರಲ್ಲಿ, ಒಳಗಿನ ಫೋನ್ ಇನ್ನೊಂದರಲ್ಲಿ. ಎರಡರಲ್ಲೂ ಇಂಟರ್ನೆಟ್ ಬರುತ್ತದೆ, ಆದರೆ ಆ್ಯಪ್‌ಗೆ ಟಿವಿ ಸಿಗುವುದಿಲ್ಲ. ಎರಡನೆಯದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಲು ಕೇಬಲ್‌ನವರಿಗೆ ಹೇಳಿ. ಗುಡುಗು ಬಂತೆಂದು ಗೋಡೆಯ ಸ್ವಿಚ್ ತೆಗೆದಿದ್ದರೆ ಯಾವ ಆ್ಯಪ್‌ನಿಂದಲೂ ಟಿವಿ ಆನ್ ಆಗದು. ಸ್ವಿಚ್ ತೆಗೆಯುವ ಅಭ್ಯಾಸ ಬಿಡಬೇಡಿ, ಟಿವಿಯ ಕೆಳಗೋ ಹಿಂದೋ ಇರುವ ಗುಂಡಿ ಎಲ್ಲಿದೆ ಎಂದು ಮಾತ್ರ ನೋಡಿಟ್ಟುಕೊಳ್ಳಿ.

ಒಂದೇ ಊರಲ್ಲಿ ಎಲ್ಲರೂ ಇದ್ದು, ಎಲ್ಲರ ಕೈಯಲ್ಲೂ ಗ್ಯಾಲಕ್ಸಿ ಫೋನ್ ಇದ್ದರೆ ಸ್ಯಾಮ್‌ಸಂಗ್ ಸಾಕು. ಗಲ್ಫಿನಿಂದ ಬಂದುಹೋಗುವ ಮನೆಗೆ ನನ್ನ ಮತ ಗೂಗಲ್ ಟಿವಿಗೇ. ಐದಾರು ವರ್ಷಕ್ಕೆ ಟಿವಿ ಹೋಗಿ ಬೇರೆ ಕಂಪನಿಯ ಗೂಗಲ್ ಟಿವಿ ಬಂದರೂ ಅಮ್ಮ ಕಲಿತ ಅದೇ ಖಾತೆ, ಅದೇ ರಿಮೋಟ್ ಆ್ಯಪ್ ಹೊಸದರಲ್ಲೂ ನಡೆಯುತ್ತದೆ. ಕಡಿಮೆ ಬೆಲೆಯ ಟಿವಿಯಲ್ಲೂ ಇದು ಸಿಗುತ್ತದೆ, ಅಲ್ಲಿ ಜಾಗ ಕಡಿಮೆ ಇರುವುದರಿಂದ ಬಳಸದ ಆ್ಯಪ್ ತೆಗೆಯುತ್ತಿರಬೇಕು ಅಷ್ಟೆ.

ಮಗ ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಮನೆಯ ಜಿಮೇಲ್, ಪಾಸ್‌ವರ್ಡ್, ವೈಫೈ ಹೆಸರು ಮತ್ತು ಅದರ ಪಾಸ್‌ವರ್ಡ್ ಬರೆದು ಟಿವಿ ಬಿಲ್ಲಿನ ಜೊತೆ ಇಡಲಿ. ವೈಫೈ ಹೆಸರು ಯಾಕೆಂದರೆ, ರಿಮೋಟ್ ಕಳೆದುಹೋಗಿ ಅದೇ ಸಮಯಕ್ಕೆ ರೂಟರ್ ಕೂಡ ಬದಲಾದರೆ ಟಿವಿ ನೆಟ್‌ವರ್ಕ್ ಇಲ್ಲದೆ ನಿಲ್ಲುತ್ತದೆ, ಫೋನ್ ರಿಮೋಟ್ ಕೂಡ ನಡೆಯದು. ಆಗ ಹೊಸ ರೂಟರ್‌ಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಎರಡನ್ನೂ ಅಕ್ಷರ ತಪ್ಪದೆ ಕೊಟ್ಟರೆ ಟಿವಿ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ.