ಊದಿದ ಪಾದಕ್ಕೆ ಮೂರು ಬಗೆಯ ಚಪ್ಪಲಿ: ಹಾಕಿ ನೋಡಿದ ಮೇಲೆ

ನನ್ನ ಬಸಿರಿಗೆ ಏಳನೇ ತಿಂಗಳು ತುಂಬುವಾಗ ಉಡುಪಿಯಲ್ಲಿ ಮೇ ತಿಂಗಳ ಸೆಕೆ. ಸೊಸೈಟಿಯ ಕೌಂಟರಿನಲ್ಲಿ ದಿನವಿಡೀ ಕುಳಿತು, ಸಂಜೆ ಸಿಟಿ ಬಸ್‌ಸ್ಟ್ಯಾಂಡಿಗೆ ನಡೆದು ಬರುವಷ್ಟರಲ್ಲಿ ಕಾಲಿನ ಮಣಿಗಂಟೇ ಕಾಣುತ್ತಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಉಳಿಯುತ್ತಿತ್ತು. ಡಾಕ್ಟರ್ ಬಿಪಿ ನೋಡಿ, ಇಷ್ಟು ಬಾವು ಸಾಮಾನ್ಯ ಎಂದರು. ಆದರೆ ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಅಥವಾ ಒಂದೇ ಕಾಲು ಊದಿ ನೋಯುತ್ತಿದ್ದರೆ ಆ ದಿನವೇ ಬರಬೇಕು ಎಂದೂ ಹೇಳಿದರು. ಅಂಥದ್ದಕ್ಕೆ ಯಾವ ಚಪ್ಪಲಿಯೂ ಪರಿಹಾರ ಅಲ್ಲ.

ನಾನು ಮೊದಲು ತೆಗೆದುಕೊಂಡದ್ದು ಹವಾಯಿ ಚಪ್ಪಲಿ. "ಒಂದು ನಂಬರ್ ದೊಡ್ಡದು ಹಾಕಿ ಅಕ್ಕ, ಸಾಕು" ಎಂದರು ಅಂಗಡಿಯವರು. ತಪ್ಪಿದ್ದು ಅಲ್ಲೇ. ಮನೆಗೆ ಬಂದು ಹಾಳೆಯ ಮೇಲೆ ನಿಂತು, ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಗೆರೆ ಎಳೆಸಿಕೊಂಡೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಉದ್ದ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೆರಳುಗಳ ಬುಡದಲ್ಲಿ ಅಗಲ ಬೆಳಿಗ್ಗೆ 9.3 ಸೆಂಟಿಮೀಟರ್, ಸಂಜೆ 10. ಒಂದು ನಂಬರ್ ಏರಿದರೆ ಚಪ್ಪಲಿಯ ಉದ್ದ ಸುಮಾರು 8 ಮಿಲಿಮೀಟರ್ ಬೆಳೆಯುತ್ತದೆ, ಅಗಲ ಅಷ್ಟು ಬೆಳೆಯುವುದಿಲ್ಲ. ಹಾಗಾಗಿ ಕಿರುಬೆರಳು ಅಂಚಿನಿಂದ ಹೊರಗೇ ಇತ್ತು, ಮುಂದಿನ ತುದಿ ಮಾತ್ರ ಬಸ್ಸಿನ ಮೆಟ್ಟಿಲಿಗೆ ತಾಗುತ್ತಿತ್ತು. ಬಾರು ಬೆರಳುಗಳ ಸಂದಿಯಲ್ಲಿ ಕೊರೆಯಿತು. ಹಿಂದೆ ಪಟ್ಟಿ ಇಲ್ಲದ ಕಾರಣ ಬೆರಳುಗಳಿಂದ ಚಪ್ಪಲಿಯನ್ನು ಹಿಡಿದುಕೊಂಡೇ ನಡೆಯಬೇಕು. ಒಂದು ವಾರಕ್ಕೆ ಬಿಟ್ಟೆ.

ಆಮೇಲೆ ಅಕ್ಕ ಕೊಟ್ಟದ್ದು, ತೂತುಗಳಿರುವ ಮೆತ್ತನೆಯ ಫೋಮ್ ಕ್ಲಾಗ್. ಅಗಲ ಧಾರಾಳ ಉಂಟು, ಬಗ್ಗದೆ ಹಾಕಬಹುದು, ಬೆಳಿಗ್ಗೆ ಹತ್ತಿಯ ಮೇಲೆ ನಡೆದ ಹಾಗೆ. ಆದರೆ ಪಾದದ ಮೇಲ್ಭಾಗವೂ ಊದುತ್ತದೆ ಅಲ್ವಾ? ಕ್ಲಾಗಿನ ಮೇಲ್ಭಾಗವನ್ನು ಸಡಿಲ ಮಾಡಲು ಬರುವುದಿಲ್ಲ. ರಾತ್ರಿ ತೆಗೆದಾಗ ಪಾದದ ಮೇಲೆ ದುಂಡು ದುಂಡು ತೂತಿನ ಅಚ್ಚು ಮೂಡಿರುತ್ತಿತ್ತು. ಹಿಮ್ಮಡಿ ಕೂರುವ ಜಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿ ನೋಡಿದೆ, ಫೋಮ್ ಪೂರ್ತಿ ತಗ್ಗಿ ನೆಲದ ಗಟ್ಟಿ ಬೆರಳಿಗೆ ತಿಳಿಯಿತು. ಮೈಭಾರ ಬಿದ್ದಾಗಲೂ ಹಾಗೇ ಆಗುತ್ತದೆ. ಅತಿ ಮೆತ್ತಗಿನದು ಒಂದು ಕಡೆ ವಾಲುತ್ತದೆ ಕೂಡ, ಹೊಟ್ಟೆ ಮುಂದೆ ಬಂದಿರುವಾಗ ಅದು ಬೇಡ. ಮನೆಯೊಳಗೆ ಈಗಲೂ ಹಾಕುತ್ತೇನೆ.

ಮೂರನೆಯದು ಎಂಸಿಆರ್ ಸ್ಯಾಂಡಲ್. ಸಕ್ಕರೆ ಕಾಯಿಲೆಯವರಿಗೆಂದು ಮಾಡುವ, ಸಣ್ಣ ಸಣ್ಣ ಗಾಳಿಗುಳ್ಳೆಗಳ ರಬ್ಬರ್ ಅಟ್ಟೆಯದು. ಈ ಸಲ ಸಂಜೆ ಆರಕ್ಕೆ, ಊದಿದ ಕಾಲಿನಲ್ಲೇ, ಕತ್ತರಿಸಿದ ಹಾಳೆಯ ಪಾದ ಹಿಡಿದು ಅಂಗಡಿಗೆ ಹೋದೆ. ಹಾಳೆಯನ್ನು ಸ್ಯಾಂಡಲ್ ಒಳಗಿಟ್ಟಾಗ ಅದು ಎಲ್ಲೂ ಅಂಚು ಮೀರಬಾರದು. ನಾಲ್ಕು ಜೊತೆಯಲ್ಲಿ ಒಂದೇ ಸರಿಯಾಯಿತು. ಅಟ್ಟೆ ಒತ್ತಿದರೆ ಸ್ವಲ್ಪವೇ ತಗ್ಗಿ ತಿರುಗಿ ಏಳುತ್ತದೆ. ಮೊದಲ ದಿನ ಗಟ್ಟಿ ಅನಿಸಿತು, ನಿಜ. ಆದರೆ ಸಂಜೆ ಹಿಮ್ಮಡಿ ನೋವು ಕಡಿಮೆ ಆದದ್ದು ಇದರಲ್ಲೇ.

ನನಗೆ ಜಾಸ್ತಿ ಇಷ್ಟವಾದದ್ದು ಇದರ ಪಟ್ಟಿ. ಬೆರಳುಗಳ ಬುಡದ ಮೇಲೆ ಒಂದು, ಮಣಿಗಂಟಿನ ಮುಂದೆ ಒಂದು, ಹಿಂದೆ ಒಂದು. ಎರಡು ಬೆರಳು ಅಗಲದವು, ಒಳಗೆ ಮೆತ್ತನೆಯ ಬಟ್ಟೆ. ಮುಂದಿನ ಎರಡಕ್ಕೂ ಬೇರೆ ಬೇರೆ ವೆಲ್ಕ್ರೋ, ಹಾಗಾಗಿ ಮಧ್ಯಾಹ್ನ ಊಟದ ಹೊತ್ತಿಗೆ ಒಂದಿಷ್ಟು ಬಿಡುತ್ತೇನೆ. ಕೊಳ್ಳುವಾಗ ಒಂದು ನೋಡಿ: ಊದಿದ ಕಾಲಿಗೆ ಹಾಕಿದ ಮೇಲೂ ಸಡಿಲ ಮಾಡಲು ಒಂದು ಇಂಚಿನಷ್ಟು ಪಟ್ಟಿ ಉಳಿದಿರಬೇಕು. ಕೊನೆಯವರೆಗೆ ಬಿಟ್ಟರೆ ಮಾತ್ರ ಅಂಟುತ್ತದೆ ಎಂದಾದರೆ ಮುಂದಿನ ತಿಂಗಳಿಗೆ ಅದು ಆಗುವುದಿಲ್ಲ. ನನ್ನ ಕಾಲಲ್ಲಿ ಪಟ್ಟಿಯ ಗುರುತು ಉಳಿದರೂ, ತೆಗೆದ ಹತ್ತು ನಿಮಿಷಕ್ಕೆ ಮಾಯವಾಗುತ್ತದೆ. ಹವಾಯಿಯ ಗೆರೆ ಮಲಗುವವರೆಗೂ ಇರುತ್ತಿತ್ತು.

ಕೊರತೆ ಎರಡಿವೆ. ಎಂಟನೇ ತಿಂಗಳಲ್ಲಿ ಬಗ್ಗಿ ವೆಲ್ಕ್ರೋ ಹಾಕಲು ಆಗಲಿಲ್ಲ. ಕುರ್ಚಿಯಲ್ಲಿ ಕುಳಿತು ಕಾಲನ್ನು ಪಕ್ಕದ ಸ್ಟೂಲಿನ ಮೇಲಿಟ್ಟರೆ ಕೈ ಎಟಕುತ್ತದೆ. ಇನ್ನೊಂದು ಮಳೆ. ಜೂನ್ ಹಿಡಿದ ಮೇಲೆ ವೆಲ್ಕ್ರೋದ ಮುಳ್ಳುಗಳಲ್ಲಿ ಮರಳು, ನೂಲು ತುಂಬಿ ನಡೆಯುವಾಗಲೇ ಬಿಚ್ಚಿಕೊಂಡಿತು. ಈಗ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ರಾತ್ರಿ ಫ್ಯಾನಿನ ಕೆಳಗೆ ಪಟ್ಟಿ ಬಿಚ್ಚಿ ಇಡುತ್ತೇನೆ. ಬೆಳಿಗ್ಗೆಯೂ ಒದ್ದೆ ಇದ್ದರೆ ಹಾಕುವುದಿಲ್ಲ, ಒದ್ದೆ ಪಟ್ಟಿ ಊದಿದ ಚರ್ಮವನ್ನು ಬೇಗ ಉಜ್ಜಿ ಹಾಕುತ್ತದೆ. ಅಂಥ ದಿನ ಕ್ಲಾಗ್ ಹಾಕಿ ಹೋಗಿ, ಕೌಂಟರಿನಲ್ಲಿ ಕುಳಿತ ಕೂಡಲೇ ತೆಗೆದಿಡುತ್ತೇನೆ.